ತಿಂಗಳಿಗೆ ಐದು ಸಾವಿರದ ಲೆಕ್ಕ: ಶಿಕ್ಷಣ ಸಾಲ ಇದ್ದವರು ಕೆಲಸಕ್ಕೆ ಎಷ್ಟು ದಿನ ಕಾಯಬಹುದು?

ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿ ಕುಳಿತಿದ್ದ ವರ್ಷಗಳಲ್ಲಿ ಜುಲೈ ತಿಂಗಳು ಬಂತೆಂದರೆ ಒಂದು ಜೋಡಿ ತಪ್ಪದೆ ಎದುರಾಗುತ್ತಿತ್ತು. ಅಪ್ಪ ಕುರ್ಚಿಯ ತುದಿಯಲ್ಲಿ ಕುಳಿತಿರುತ್ತಿದ್ದರು, ಮಗ ಅವರ ಹಿಂದೆ ನಿಂತಿರುತ್ತಿದ್ದ. ಅಪ್ಪನ ಮೊಬೈಲಿನಲ್ಲಿ ಬ್ಯಾಂಕಿನ ಸಂದೇಶ ತೆರೆದಿರುತ್ತಿತ್ತು. ಇಂಜಿನಿಯರಿಂಗ್ ಮುಗಿದು ತಿಂಗಳಾಗಿಲ್ಲ, ಸಾಲದ ಖಾತೆಯಲ್ಲಿ ಬಾಕಿ ಎಂಟು ಲಕ್ಷದ ಹತ್ತಿರ ತೋರಿಸುತ್ತಿದೆ, ನಾವು ತೆಗೆದುಕೊಂಡಿದ್ದು ಆರು ಲಕ್ಷ ಅಲ್ಲವೇ ಸರ್ ಎಂಬುದು ಅವರ ಮೊದಲ ಪ್ರಶ್ನೆ. ಎರಡನೆಯದು ಪ್ರಶ್ನೆಯಲ್ಲ, ದೂರು. "ಬೆಂಗಳೂರಿನಲ್ಲಿ ಒಂದು ಕಾಲ್ ಸೆಂಟರ್ ಕೆಲಸ ಸಿಕ್ಕಿದೆ. ಇವನು ಹೋಗುವುದಿಲ್ಲ ಅನ್ನುತ್ತಾನೆ. ನೀವಾದರೂ ಬುದ್ಧಿ ಹೇಳಿ."

ಅಂಥವರಿಗೆ ಬುದ್ಧಿ ಹೇಳುವ ಮೊದಲು ನಾನು ಒಂದು ಬಿಳಿ ಹಾಳೆ ತೆಗೆದುಕೊಳ್ಳುತ್ತಿದ್ದೆ. ಕೆಲಸಕ್ಕೆ ಹೋಗಬೇಕೋ ಕಾಯಬೇಕೋ ಎನ್ನುವ ಜಗಳ ಮನೆಯಲ್ಲಿ ಮಾನ, ಹಟ, ನೆರೆಯವರ ಮಾತು ಎಲ್ಲವನ್ನೂ ಸೇರಿಸಿಕೊಂಡು ಬೆಳೆದಿರುತ್ತದೆ. ಹಾಳೆಯ ಮೇಲೆ ಬರೆದಾಗ ಅದು ಮೂರು ಸಂಖ್ಯೆಗಳಿಗೆ ಇಳಿಯುತ್ತದೆ. ಕಾಯುವ ಪ್ರತಿ ತಿಂಗಳಿಗೆ ಸಾಲ ಎಷ್ಟು ಬೆಳೆಯುತ್ತದೆ, ಸಿಕ್ಕ ಕೆಲಸದಲ್ಲಿ ತಿಂಗಳ ಕೊನೆಗೆ ಎಷ್ಟು ಉಳಿಯುತ್ತದೆ, ಕಂತು ಶುರುವಾಗುವ ದಿನ ಎಷ್ಟು ಬೇಕಾಗುತ್ತದೆ. ಮೂರನ್ನೂ ಒಟ್ಟಿಗೆ ಇಟ್ಟು ನೋಡಿದವರನ್ನು ನಾನು ಕಂಡಿದ್ದು ಕಡಿಮೆ. ಅಪ್ಪಂದಿರು ಮೊದಲನೆಯದನ್ನು ನೋಡಿ ಹೆದರುತ್ತಾರೆ, ಮಕ್ಕಳು ಮೂರನ್ನೂ ನೋಡುವುದಿಲ್ಲ.

ಒಂದು ಖಾತೆಯನ್ನೇ ತೆಗೆದುಕೊಳ್ಳೋಣ. ಹುಡುಗ ಅರಸೀಕೆರೆ ಕಡೆಯವನು, ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಬಿ.ಇ. ಮಾಡಿದವನು, 2024ರ ಬ್ಯಾಚ್. ಮನೆಗೆ ಸ್ವಲ್ಪ ತೆಂಗಿನ ತೋಟ, ಜೊತೆಗೆ ಅಪ್ಪನದೊಂದು ಸಣ್ಣ ಅಂಗಡಿ. ವರ್ಷಕ್ಕೆ ಒಂದೂವರೆ ಲಕ್ಷದಂತೆ ನಾಲ್ಕು ವರ್ಷ ಸಾಲ ಬಿಡುಗಡೆಯಾಗಿತ್ತು. ಬಡ್ಡಿ ದರವನ್ನು ಲೆಕ್ಕಕ್ಕೆ ಸುಲಭವಾಗಲೆಂದು ಶೇ 10 ಎಂದು ಇಟ್ಟುಕೊಳ್ಳುತ್ತೇನೆ.

ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಓದಿನ ಅವಧಿ ಮತ್ತು ಅದು ಮುಗಿದ ಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಇದನ್ನೇ ಮೊರಟೋರಿಯಂ ಎನ್ನುವುದು. ಈ ಅವಧಿಯಲ್ಲಿ ಬಡ್ಡಿ ನಿಲ್ಲುವುದಿಲ್ಲ, ಆದರೆ ಅದು ಸರಳ ಬಡ್ಡಿ, ಬಡ್ಡಿಯ ಮೇಲೆ ಬಡ್ಡಿ ಬೀಳುವುದಿಲ್ಲ. ಮೊದಲ ವರ್ಷ ಕೊಟ್ಟ ಒಂದೂವರೆ ಲಕ್ಷಕ್ಕೆ ಐದು ವರ್ಷದ ಬಡ್ಡಿ 75 ಸಾವಿರ, ಎರಡನೆಯದಕ್ಕೆ 60, ಮೂರನೆಯದಕ್ಕೆ 45, ಕೊನೆಯದಕ್ಕೆ 30 ಸಾವಿರ. ಒಟ್ಟು 2 ಲಕ್ಷ 10 ಸಾವಿರ. ಮೊರಟೋರಿಯಂ ಮುಗಿದ ದಿನ ಈ ಬಡ್ಡಿಯನ್ನು ಅಸಲಿಗೆ ಸೇರಿಸಿ, 8 ಲಕ್ಷ 10 ಸಾವಿರಕ್ಕೆ ಕಂತು ಕಟ್ಟುತ್ತಾರೆ. ಹತ್ತು ವರ್ಷದ ಅವಧಿಗಾದರೆ ತಿಂಗಳ ಕಂತು ಸುಮಾರು 10,700 ರೂಪಾಯಿ. ಹದಿನೈದು ವರ್ಷಕ್ಕೆ ಎಳೆದರೆ ಸುಮಾರು 8,700.

ಅಪ್ಪ ಹೆದರಿದ್ದು ಆ ದೊಡ್ಡ ಮೊತ್ತಕ್ಕೆ. ಅದರಲ್ಲಿ ಬಹುಪಾಲು ಮಗ ಓದುತ್ತಿದ್ದಾಗಲೇ ಸೇರಿಹೋಗಿತ್ತು. ಈಗ ಅವನು ಕೆಲಸಕ್ಕೆ ಹೋದರೂ ಮನೆಯಲ್ಲಿ ಕುಳಿತರೂ ಅದು ಕಡಿಮೆಯಾಗುವುದಿಲ್ಲ. ಇನ್ನು ಮುಂದೆ ಕಾಯುವುದಕ್ಕೆ ತೆರಬೇಕಾದ ಬೆಲೆ ಬೇರೆ, ಅದು ಆರು ಲಕ್ಷದ ಮೇಲೆ ತಿಂಗಳಿಗೆ ಐದು ಸಾವಿರ. ಆರು ತಿಂಗಳು ಕಾದರೆ 30 ಸಾವಿರ. ಆ 30 ಸಾವಿರವನ್ನು ಈಗ ಕಟ್ಟದೆ ಅಸಲಿಗೆ ಸೇರಲು ಬಿಟ್ಟರೆ ಹತ್ತು ವರ್ಷದ ಕಂತಿನಲ್ಲಿ ತಿಂಗಳಿಗೆ ಸುಮಾರು 400 ರೂಪಾಯಿ ಹೆಚ್ಚಾಗುತ್ತದೆ, ಹತ್ತು ವರ್ಷಕ್ಕೆ ಒಟ್ಟು 47 ಸಾವಿರ ಚಿಲ್ಲರೆ. ಇದು ಸಣ್ಣ ಮೊತ್ತವಲ್ಲ. ಆದರೆ ಎಂಟು ಲಕ್ಷ ಎಂದಾಗ ಎದೆಯಲ್ಲಿ ಆಗುವ ಧಸಕ್ಕೂ 400 ರೂಪಾಯಿಗೂ ಅಂತರವಿದೆ. ಇಷ್ಟು ಹೇಳಿದ ಮೇಲೆ ಆ ಅಪ್ಪ ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಒರಗಿದ್ದು ನನಗೆ ನೆನಪಿದೆ. ತೋಟ ಹರಾಜಿಗೆ ಬರುತ್ತದೆಯೇ ಎಂದೂ ಕೇಳಿದರು. ಏಳೂವರೆ ಲಕ್ಷದವರೆಗಿನ ಈ ಸಾಲಕ್ಕೆ ಕೇಂದ್ರದ ಸಾಲ ಖಾತರಿ ನಿಧಿಯ ರಕ್ಷಣೆ ಇದೆ, ನಿಮ್ಮ ತೋಟವನ್ನು ನಾವು ಅಡಮಾನ ಮಾಡಿಸಿಕೊಂಡೇ ಇಲ್ಲ ಎಂದೆ. ನಾಲ್ಕು ವರ್ಷ ಅವರು ಆ ಭಯವನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದರು.

ಕೆಲವರು ಈ ಐದು ಸಾವಿರದ ಬಡ್ಡಿಯನ್ನೂ ತೆರಬೇಕಾಗಿಲ್ಲ. ಪೋಷಕರ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದು, ವೃತ್ತಿಪರ ಅಥವಾ ತಾಂತ್ರಿಕ ಕೋರ್ಸ್ ಆಗಿದ್ದು, ಸಾಲ ಪಡೆಯುವಾಗ ಆದಾಯ ಪ್ರಮಾಣಪತ್ರ ಕೊಟ್ಟು ಬಡ್ಡಿ ಸಹಾಯಧನಕ್ಕೆ ಸೇರಿಸಿಕೊಂಡಿದ್ದರೆ ಮೊರಟೋರಿಯಂ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ತುಂಬುತ್ತದೆ. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಸಂಸ್ಥೆಗಳಲ್ಲಿ ಓದುವವರಿಗೆ, ಆದಾಯ ಎಂಟು ಲಕ್ಷದವರೆಗಿದ್ದರೂ ಹತ್ತು ಲಕ್ಷದವರೆಗಿನ ಸಾಲಕ್ಕೆ ಶೇ 3ರಷ್ಟು ಬಡ್ಡಿ ರಿಯಾಯಿತಿ ಇದೆ. ಹಾಗಾಗಿ ಜಗಳ ಆಡುವ ಮೊದಲು ಮನೆಯ ಬೀರುವಿನಲ್ಲಿರುವ ಮಂಜೂರಾತಿ ಪತ್ರವನ್ನು ತೆಗೆದು ಓದುವುದು ಒಳ್ಳೆಯದು. ಇನ್ನೊಂದು ಕಾರಣಕ್ಕೂ ಓದಬೇಕು. ಹಳೆಯ ಕೆಲವು ಪತ್ರಗಳಲ್ಲಿ ಓದು ಮುಗಿದ ಒಂದು ವರ್ಷ ಅಥವಾ ಕೆಲಸ ಸಿಕ್ಕ ಆರು ತಿಂಗಳು, ಯಾವುದು ಮೊದಲೋ ಅದು ಎಂದಿರುತ್ತದೆ. ಅಂಥ ಪತ್ರ ಇದ್ದವರು ಯಾವುದೋ ಹದಿನೈದು ಸಾವಿರದ ಕೆಲಸಕ್ಕೆ ಅವಸರದಲ್ಲಿ ಸೇರಿದರೆ ಕಂತೂ ಅವಸರದಲ್ಲೇ ಶುರುವಾಗುತ್ತದೆ.

ಈಗ ಎರಡನೆಯ ಸಂಖ್ಯೆಗೆ ಬರೋಣ. ಆ ಹುಡುಗನಿಗೆ ಸಿಕ್ಕಿದ್ದು ಗ್ರಾಹಕರ ಕರೆ ಸ್ವೀಕರಿಸುವ ರಾತ್ರಿ ಪಾಳಿಯ ಕೆಲಸ, ಕೈಗೆ 17 ಸಾವಿರ. ಅಪ್ಪನ ಲೆಕ್ಕದಲ್ಲಿ 17 ಸಾವಿರದಲ್ಲಿ ಹತ್ತು ಸಾವಿರ ಸಾಲಕ್ಕೆ ಹೋಗುತ್ತದೆ. ನಾನು ಹುಡುಗನ ಕೈಗೆ ಪೆನ್ನು ಕೊಟ್ಟು ಖರ್ಚು ಬರೆಯಲು ಹೇಳಿದೆ. ಮೂವರು ಹಂಚಿಕೊಳ್ಳುವ ಪಿ.ಜಿ. ಕೋಣೆಗೆ ಊಟ ಸೇರಿ ಎಂಟು ಸಾವಿರ. ಓಡಾಟಕ್ಕೆ ಒಂದೂವರೆ. ಮೊಬೈಲು, ಸೋಪು, ಮಧ್ಯಾಹ್ನದ ಕಾಫಿ ತಿಂಡಿ, ತಿಂಗಳಿಗೊಮ್ಮೆ ಊರಿಗೆ ರೈಲು, ಯಾವಾಗಲಾದರೂ ಒಂದು ಜ್ವರ, ಎಲ್ಲ ಸೇರಿ ಮೂರು ಸಾವಿರ. ಒಟ್ಟು ಹನ್ನೆರಡೂವರೆ. ಉಳಿಯುವುದು ನಾಲ್ಕೂವರೆ ಸಾವಿರ.

ಅಂದರೆ ಆ ಕೆಲಸ ಸಾಲದ ತಿಂಗಳ ಬಡ್ಡಿಯನ್ನೂ ಪೂರ್ತಿ ತುಂಬುವುದಿಲ್ಲ. ಪಿ.ಜಿ.ಗೆ ಕೊಡುವ ಮುಂಗಡ, ಎರಡು ಜೊತೆ ಷೂ ಬಟ್ಟೆ ಅಪ್ಪನ ಜೇಬಿನಿಂದಲೇ ಹೋಗುತ್ತದೆ. ಇದು ಮೊದಲ ವರ್ಷದ ಮಾತು. ಮುಂದಿನ ಜೂನ್ ಬಂದು ಕಂತು ಶುರುವಾದಾಗ ಬೇಕಾಗುವುದು 10,700. ಸಂಬಳ 20 ಸಾವಿರಕ್ಕೆ ಏರಿದ್ದರೂ ಉಳಿಕೆ ಏಳೂವರೆ ಸಾವಿರ. ಅವಧಿಯನ್ನು ಹದಿನೈದು ವರ್ಷಕ್ಕೆ ಎಳೆದರೂ ಸಾವಿರದ ಇನ್ನೂರು ಕಡಿಮೆ ಬೀಳುತ್ತದೆ. ಸಾಲ ತೀರಿಸಲೆಂದೇ ಸೇರಿದ ಕೆಲಸ ಸಾಲವನ್ನು ತೀರಿಸುವುದಿಲ್ಲ, ಹನ್ನೆರಡು ತಿಂಗಳು ತಡವಾಗಿ ಸುಸ್ತಿಗೆ ತಂದು ನಿಲ್ಲಿಸುತ್ತದೆ. ಈ ಮಾತನ್ನು ಹೇಳಿದಾಗ ಮಗನ ಮುಖದಲ್ಲಿ ಗೆದ್ದ ಕಳೆ ಬಂತು. ಅದೂ ಅವಸರವೇ, ಏಕೆಂದರೆ ಅವನ ಸರದಿ ಇನ್ನೂ ಬಂದಿರಲಿಲ್ಲ.

ಇಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಮೂರನೆಯ ಸಂಖ್ಯೆ ಸಿಗುತ್ತದೆ. ಕಂತು 10,700, ಬೆಂಗಳೂರಿನ ಬದುಕಿಗೆ 12,500, ಕೂಡಿದರೆ 23,200. ಮೊರಟೋರಿಯಂ ಮುಗಿಯುವ ದಿನ ಕೈಗೆ ಇಷ್ಟು ಬರುವ ಕೆಲಸದಲ್ಲಿರಬೇಕು ಅಥವಾ ಇಷ್ಟಕ್ಕೆ ಏರುವ ದಾರಿಯಲ್ಲಿರಬೇಕು. ಈ ತಳಸಂಬಳ ಪ್ರತಿಯೊಬ್ಬರಿಗೂ ಬೇರೆ. ಮೈಸೂರಿನಲ್ಲಿ ಅಣ್ಣನ ಮನೆಯಲ್ಲಿದ್ದು ಕೆಲಸ ಮಾಡುವವರಿಗೆ ಅದು ಹದಿನಾರು ಸಾವಿರವೇ ಆಗಬಹುದು. ಮೂರು ಲಕ್ಷದ ಸಾಲ ಇರುವ ಹುಡುಗಿಗೆ ಆ ಕಾಲ್ ಸೆಂಟರ್ ಕೆಲಸವೇ ಸಾಕಾಗಬಹುದು. ಕೆಲಸ ಒಳ್ಳೆಯದೋ ಕೆಟ್ಟದ್ದೋ ಎಂದು ಅದರ ಹೆಸರಿನಿಂದ ತೀರ್ಮಾನಿಸಲು ಬರುವುದಿಲ್ಲ.

ಹುಡುಗನ ಆಸೆ ಎಂಬೆಡೆಡ್ ಕ್ಷೇತ್ರದ ಕೆಲಸ, ಅಂದರೆ ಯಂತ್ರಗಳೊಳಗಿನ ಸಣ್ಣ ಕಂಪ್ಯೂಟರುಗಳಿಗೆ ಪ್ರೋಗ್ರಾಂ ಬರೆಯುವುದು, ಪರೀಕ್ಷಿಸುವುದು. ಅದಕ್ಕೆ 30 ಸಾವಿರ ಶುಲ್ಕದ ಒಂದು ತರಬೇತಿ ಬೇಕು, ನಂತರ ಕೈಗೆ 28 ಸಾವಿರದಷ್ಟು ಬರುವ ಕೆಲಸ ಸಿಗಬಹುದು ಎಂದು ಅವನ ಹಿರಿಯ ಸಹಪಾಠಿಗಳು ಹೇಳಿದ್ದರು. ಆ ಸಂಬಳದಲ್ಲಿ ಸ್ವಲ್ಪ ಧಾರಾಳವಾಗಿ ಖರ್ಚು ಮಾಡಿದರೂ ತಿಂಗಳಿಗೆ 14 ಸಾವಿರ ಉಳಿಯುತ್ತದೆ. ಓದು ಮುಗಿದ ದಿನದಿಂದ ಎರಡು ವರ್ಷದ ಒಟ್ಟು ಉಳಿಕೆಯನ್ನು ಹೋಲಿಸಿದೆವು. ಕಾಲ್ ಸೆಂಟರ್ ಹಿಡಿದು, ಎರಡನೆಯ ವರ್ಷ ಸಂಬಳ ಏರಿದರೂ, 1 ಲಕ್ಷ 44 ಸಾವಿರ. ಏಳು ತಿಂಗಳು ಮನೆಯಲ್ಲಿದ್ದು ಕಲಿತು ಎಂಟನೆಯ ತಿಂಗಳಿಗೆ ಕೆಲಸ ಸಿಕ್ಕರೆ, ತರಬೇತಿ ಶುಲ್ಕ ಕಳೆದು 2 ಲಕ್ಷ 8 ಸಾವಿರ. ಕಾಯುವುದೇ ಲಾಭ. ಆದರೆ ಅದೇ ಕೆಲಸ ಸಿಗಲು ಪೂರ್ತಿ ಹನ್ನೆರಡು ತಿಂಗಳು ಹಿಡಿದರೆ 1 ಲಕ್ಷ 38 ಸಾವಿರ, ಆಗ ಎರಡೂ ಹೆಚ್ಚುಕಡಿಮೆ ಸಮ. ಅದಕ್ಕೂ ತಡವಾದರೆ ನಷ್ಟ. ಸಿಗದೇ ಹೋದರೆ ಹೇಳುವುದೇ ಬೇಡ.

ಅಂದರೆ ಕಾಯುವಿಕೆಗೆ ಕೊನೆಯ ದಿನ ಇರಬೇಕು, ಮತ್ತು ಅದು ಮನಸ್ಸಿಗೆ ತೋಚಿದ ದಿನವಾಗಿರಬಾರದು. ನಾನು ಹೇಳುತ್ತಿದ್ದುದು ಮೊರಟೋರಿಯಂ ಮುಗಿಯುವುದಕ್ಕೆ ಮೂರು ತಿಂಗಳು ಮೊದಲು. ಆಫರ್ ಪತ್ರ ಬಂದ ಮೇಲೆ ಕೆಲಸಕ್ಕೆ ಸೇರಿಸಿಕೊಳ್ಳಲು ಕಂಪನಿಗಳು ತಿಂಗಳುಗಟ್ಟಲೆ ಎಳೆಯುವುದುಂಟು, ಸೇರಿದ ಮೇಲೂ ಮೊದಲ ಸಂಬಳ ಬರಲು ಒಂದು ತಿಂಗಳು ಬೇಕು. ಹನ್ನೆರಡನೆಯ ತಿಂಗಳಿಗೆ ಕೆಲಸ ಹುಡುಕಲು ಶುರು ಮಾಡುವವನಿಗೆ ಹದಿನೈದನೆಯ ತಿಂಗಳಿಗೆ ಸಂಬಳ ಬಂದರೆ ನಡುವಿನ ಕಂತುಗಳು ಬಾಕಿ ಬಿದ್ದಿರುತ್ತವೆ.

ಕಾಯುತ್ತಿರುವುದು ನಿಜವಾಗಿ ಫಲ ಕೊಡುತ್ತಿದೆಯೇ ಎಂದು ಮೂರನೆಯ ತಿಂಗಳಿಗೇ ತಿಳಿಯುತ್ತದೆ. ಎಷ್ಟು ಅರ್ಜಿ ಹಾಕಿದೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ, ಇನ್ನೂರು ಅರ್ಜಿಯನ್ನು ಒಂದು ಮಧ್ಯಾಹ್ನದಲ್ಲಿ ಹಾಕಬಹುದು. ಎಲ್ಲಿಯವರೆಗೆ ಹೋಗಿ ಬಿದ್ದೆ ಎಂಬುದನ್ನು ನೋಡಬೇಕು. ಲಿಖಿತ ಪರೀಕ್ಷೆ ದಾಟಿ ತಾಂತ್ರಿಕ ಸಂದರ್ಶನದಲ್ಲಿ ಎರಡು ಮೂರು ಬಾರಿ ಎಡವಿದವನು ಕಾಯಬಹುದು, ಅವನಿಗೆ ಏನು ಕಲಿಯಬೇಕು ಎಂದು ಆ ಸಂದರ್ಶನಗಳೇ ಹೇಳಿರುತ್ತವೆ. ಮೂರು ತಿಂಗಳಲ್ಲಿ ಒಂದೂ ಪರೀಕ್ಷೆಗೆ ಕರೆ ಬಾರದವನ ತೊಂದರೆ ಬೇರೆ. ಅಂಕಗಳ ಮಿತಿಯೋ, ಬಾಕಿ ಉಳಿದ ವಿಷಯವೋ, ರೆಸ್ಯೂಮೆಯೋ ಅವನನ್ನು ಬಾಗಿಲಲ್ಲೇ ತಡೆಯುತ್ತಿರುತ್ತದೆ. ಇನ್ನೂ ಮೂರು ತಿಂಗಳು ಹಾಗೆಯೇ ಕುಳಿತರೆ ಅದು ಸರಿಹೋಗುವುದಿಲ್ಲ. ಮೇಲಾಗಿ ಹೊಸಬರ ನೇಮಕಾತಿ ಜಾಹೀರಾತುಗಳಲ್ಲಿ ಇಂಥ ವರ್ಷ ತೇರ್ಗಡೆಯಾದವರು ಮಾತ್ರ ಎಂಬ ಷರತ್ತು ಸಾಮಾನ್ಯ. ಮುಂದಿನ ಬ್ಯಾಚು ಹೊರಬಂದ ಮೇಲೆ ಆ ಬಾಗಿಲು ಒಂದೊಂದೇ ಮುಚ್ಚುತ್ತದೆ.

ಸರ್ಕಾರಿ ಪರೀಕ್ಷೆಗೆ ಓದುತ್ತೇನೆ ಎನ್ನುವವರ ವಿಷಯದಲ್ಲಿ ನನಗೆ ಈ ಲೆಕ್ಕ ಎಂದೂ ಕೂಡಿಬಂದಿಲ್ಲ. ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಕೋಣೆ ಹಿಡಿದು ಓದುವವರ ಶ್ರಮ ದೊಡ್ಡದು, ಆದರೆ ಅವರ ವೇಳಾಪಟ್ಟಿ ಅವರ ಕೈಯಲ್ಲಿಲ್ಲ. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಕೆಪಿಎಸ್‌ಸಿ 2024ರ ಆಗಸ್ಟಿನಲ್ಲಿ ನಡೆಸಿದ ಪೂರ್ವಭಾವಿ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಕನ್ನಡ ಅನುವಾದ ಕೆಟ್ಟಿತ್ತು ಎಂದು ಗಲಾಟೆಯಾಗಿ, ಅದೇ ವರ್ಷದ ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಯಿತು. ಅಭ್ಯರ್ಥಿಯ ತಪ್ಪೇನೂ ಇಲ್ಲದೆ ನಾಲ್ಕು ತಿಂಗಳು ಹೋಯಿತು. ಬಡ್ಡಿ ಮಾತ್ರ ಆ ನಾಲ್ಕು ತಿಂಗಳೂ ಓಡಿತು. ಸಾಲ ಇರುವವರು ಈ ದಾರಿ ಹಿಡಿಯುವುದಾದರೆ ಬಡ್ಡಿಯನ್ನಾದರೂ ತುಂಬುವ ಒಂದು ಕೆಲಸ ಜೊತೆಗಿರಲೇಬೇಕು.

ಕೆಲಸವಿಲ್ಲದೆ ಖಾಲಿ ಉಳಿದರೆ ರೆಸ್ಯೂಮೆ ಹಾಳಾಗುತ್ತದೆ, ಏನಾದರೊಂದು ಇರಲಿ ಎಂಬ ವಾದ ಮನೆಮನೆಯಲ್ಲಿ ಕೇಳುತ್ತದೆ. ಅಮೆರಿಕದಲ್ಲಿ ಪದವೀಧರರ ಕಾಲ್ಪನಿಕ ರೆಸ್ಯೂಮೆಗಳನ್ನು ನಿಜವಾದ ಹುದ್ದೆಗಳಿಗೆ ಕಳಿಸಿ ಯಾರಿಗೆ ಕರೆ ಬರುತ್ತದೆ ಎಂದು ನೋಡಿದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಗಿದೆ. ನನ್ಲಿ ಮತ್ತು ಸಂಗಡಿಗರು ಮಾಡಿದ ಆ ಅಧ್ಯಯನದಲ್ಲಿ ಕೆಲಸವಿಲ್ಲದೆ ಕಳೆದ ತಿಂಗಳುಗಳಿಂದ ಕರೆಗಳು ಕಡಿಮೆಯಾದ ಪುರಾವೆ ಸಿಗಲಿಲ್ಲ. ಓದಿಗೆ ಸಂಬಂಧವಿಲ್ಲದ ಕೆಳದರ್ಜೆಯ ಕೆಲಸದಲ್ಲಿದ್ದವರಿಗೆ ಮಾತ್ರ ಸುಮಾರು ಶೇ 30ರಷ್ಟು ಕಡಿಮೆ ಕರೆಗಳು ಬಂದವು. ಅಮೆರಿಕದ ಮಾರುಕಟ್ಟೆಯನ್ನು ತಂದು ಅರಸೀಕೆರೆಯ ಮೇಲೆ ಹೇರಲಾಗದು. ಆದರೂ ನಮ್ಮಲ್ಲಿ ಇದಕ್ಕೆ ಇನ್ನೊಂದು ಎಳೆ ಸೇರಿದೆ. ಭವಿಷ್ಯ ನಿಧಿ ಕಡಿತವಾಗುವ ಯಾವ ಕೆಲಸಕ್ಕೆ ಸೇರಿದರೂ ಅದು ನಿಮ್ಮ ಯುಎಎನ್ ಸಂಖ್ಯೆಯಡಿ ದಾಖಲಾಗುತ್ತದೆ. ಮೂರು ತಿಂಗಳು ಮಾಡಿ ಬಿಟ್ಟ ಕೆಲಸವನ್ನು ಮುಂದಿನ ಕಂಪನಿಯ ಹಿನ್ನೆಲೆ ಪರಿಶೀಲನೆಯಲ್ಲಿ ಮುಚ್ಚಿಡಲು ಆಗುವುದಿಲ್ಲ, ಮುಚ್ಚಿಟ್ಟು ಸಿಕ್ಕಿಬಿದ್ದರೆ ಆಫರ್ ಪತ್ರವೇ ರದ್ದಾಗಬಹುದು.

ಇಷ್ಟು ವರ್ಷ ಬಿಡುವುದಿಲ್ಲ, ಬಿಟ್ಟರೆ ಹಣ ಕಟ್ಟುತ್ತೇನೆ ಎಂದು ಬರೆದುಕೊಡುವ ಬಾಂಡ್ ಇನ್ನೂ ಗಟ್ಟಿಯಾದ ಹಗ್ಗ. ಸದ್ಯಕ್ಕೆ ಸೇರು, ಒಳ್ಳೆಯದು ಸಿಕ್ಕರೆ ಬಿಡು ಎಂದು ಅಪ್ಪಂದಿರು ಹೇಳುವ ಉಪಾಯ ಬಾಂಡ್ ಇಲ್ಲದ ಕೆಲಸಕ್ಕೆ ಮಾತ್ರ ಸಲ್ಲುತ್ತದೆ. ಬಾಂಡ್ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಬಿಡಿ ಎಂದು ಎಲ್ಲರೂ ಧೈರ್ಯ ಹೇಳುವವರೇ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷ ತುಂಬುವ ಮೊದಲು ಕೆಲಸ ಬಿಟ್ಟರೆ ಎರಡು ಲಕ್ಷ ಕಟ್ಟಬೇಕೆಂಬ ಷರತ್ತನ್ನು ಎತ್ತಿಹಿಡಿಯಿತು. ಅದು ಸಾರ್ವಜನಿಕ ವಲಯದ ಬ್ಯಾಂಕಿನ ಅಧಿಕಾರಿ ಹುದ್ದೆಯ ವಿಷಯ, ಎಲ್ಲ ಬಾಂಡಿಗೂ ಹಾಗೆಯೇ ಅನ್ವಯಿಸುತ್ತದೆ ಎಂದಲ್ಲ. ಆದರೆ ನಿಲ್ಲುವುದೇ ಇಲ್ಲ ಎಂಬ ಧೈರ್ಯಕ್ಕೆ ಇನ್ನು ಆಧಾರ ಕಡಿಮೆ. ಅಂಕಪಟ್ಟಿಯ ಮೂಲ ಪ್ರತಿಗಳನ್ನು ಇಟ್ಟುಕೊಳ್ಳುತ್ತೇವೆ ಎನ್ನುವ ಕಂಪನಿಯಾದರೆ ನಾನು ನನ್ನ ಮಗನನ್ನು ಕಳಿಸುವುದಿಲ್ಲ, ಸಂಬಳ ಎಷ್ಟೇ ಇರಲಿ.

ಹಾಗಾದರೆ ಅರಸೀಕೆರೆಯ ಹುಡುಗ ಏನು ಮಾಡಿದ? ಇಲ್ಲಿ ನನ್ನ ಹಾಳೆಯ ಮೇಲೆ ಇಲ್ಲದಿದ್ದ ಒಂದು ದಾರಿಯನ್ನು ಅವನೇ ಕಂಡುಕೊಂಡ. ಮನೆಯಿಂದ ಓಡಾಡುವಷ್ಟು ದೂರದ ತಿಪಟೂರಿನಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ರಿಪೇರಿ ಮಾಡುವ ಅಂಗಡಿಯೊಂದಿತ್ತು. ಕೊಬ್ಬರಿ ವ್ಯಾಪಾರದ ಊರು, ಮಂಡಿಗಳಲ್ಲಿ ತಕ್ಕಡಿಗೆ ಬಿಡುವಿಲ್ಲ. ಸಂಬಳ 12 ಸಾವಿರ. ಓಡಾಟ, ಚಿಲ್ಲರೆ ಖರ್ಚು ಮೂರು ಸಾವಿರ, ಊಟ ಮನೆಯದು. ಉಳಿಯುವುದು ಒಂಬತ್ತು. ಬೆಂಗಳೂರಿನ 17 ಸಾವಿರಕ್ಕಿಂತ ತಿಪಟೂರಿನ 12 ಸಾವಿರದಲ್ಲಿ ಎರಡು ಪಟ್ಟು ಉಳಿಯಿತು. ಅದರಲ್ಲಿ ಐದು ಸಾವಿರ ತಿಂಗಳ ಬಡ್ಡಿಗೆ ಕಟ್ಟಿದ, ಉಳಿದ ನಾಲ್ಕರಲ್ಲಿ ತರಬೇತಿಯ ಶುಲ್ಕವನ್ನು ಕಂತಿನಲ್ಲಿ ತುಂಬಿದ. ತರಗತಿಗಳು ರಾತ್ರಿ, ಆನ್‌ಲೈನಿನಲ್ಲಿ. ಅಪ್ಪನಿಗೆ ಸಮಾಧಾನ ಇರಲಿಲ್ಲ. "ಇಂಜಿನಿಯರಿಂಗ್ ಓದಿಸಿದ್ದು ತಕ್ಕಡಿ ಬಿಚ್ಚಲಿಕ್ಕೆ ಅಲ್ಲ" ಎಂದು ನನ್ನ ಎದುರೇ ಹೇಳಿದರು. ಕಾಲ್ ಸೆಂಟರ್ ಆದರೆ ಬೆಂಗಳೂರು ಎಂದಾದರೂ ನೆಂಟರಿಗೆ ಹೇಳಬಹುದಿತ್ತು.

ತಕ್ಕಡಿಯ ತಟ್ಟೆಯ ಕೆಳಗೆ ಲೋಡ್ ಸೆಲ್ ಎಂಬ ಲೋಹದ ತುಂಡು ಇರುತ್ತದೆ. ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಬಾಗಿದ್ದಕ್ಕೆ ತಕ್ಕಂತೆ ಕೆಲವೇ ಮಿಲಿವೋಲ್ಟಿನ ಸಂಕೇತ ಹೊರಡುತ್ತದೆ. ಆ ಪುಟ್ಟ ಸಂಕೇತವನ್ನು ಹಿಗ್ಗಿಸಿ ಅಂಕಿಯಾಗಿ ಬದಲಾಯಿಸಿ ಪರದೆಗೆ ಕಳಿಸುವುದು ಒಳಗಿನ ಚಿಪ್ಪಿನ ಕೆಲಸ. ಮಧ್ಯಾಹ್ನ ಬಿಸಿಲು ಏರಿದಂತೆ ಸೊನ್ನೆ ಏಕೆ ಅಲುಗುತ್ತದೆ, ತಟ್ಟೆಯ ಮೂಲೆಯಲ್ಲಿ ಇಟ್ಟಾಗ ತೂಕ ಏಕೆ ಬೇರೆ ತೋರಿಸುತ್ತದೆ, ಪಕ್ಕದಲ್ಲಿ ಮೋಟಾರು ಓಡಿದಾಗ ಅಂಕಿ ಏಕೆ ಕುಣಿಯುತ್ತದೆ ಎಂಬುದನ್ನು ಅವನು ದಿನವೂ ನೋಡಿದ. ಕಾಲೇಜಿನ ಪ್ರಯೋಗಾಲಯದಲ್ಲಿ ಒಮ್ಮೆ ಮಾಡಿ ರೆಕಾರ್ಡ್ ಬರೆದಿದ್ದ ಪಾಠವೇ ಇದು. ಒಂಬತ್ತನೆಯ ತಿಂಗಳಲ್ಲಿ ಒಂದು ಸಂದರ್ಶನದಲ್ಲಿ ಈಗ ಏನು ಮಾಡುತ್ತಿದ್ದೀರಿ ಎಂದು ಕೇಳಿದಾಗ ಅವನು ನಾಚಿಕೊಂಡೇ ತಕ್ಕಡಿಯ ಮಾತು ಎತ್ತಿದನಂತೆ. ಉಳಿದ ಇಪ್ಪತ್ತು ನಿಮಿಷ ಅದರ ಬಗ್ಗೆಯೇ ಕೇಳಿದರಂತೆ.

ಇದರಲ್ಲಿ ಅದೃಷ್ಟದ ಪಾಲೂ ಇದೆ, ಪ್ರತಿ ಊರಿನಲ್ಲಿ ಇಂಥ ಅಂಗಡಿ ಇರುವುದಿಲ್ಲ. ಆದರೆ ಈ ಬಗೆಯ ನಡುದಾರಿಗಳನ್ನು ಹುಡುಕುವವರೇ ಕಡಿಮೆ. ಕೇಂದ್ರದ ಅಪ್ರೆಂಟಿಸ್ ಯೋಜನೆಯಡಿ ಪದವೀಧರರು ಬೆಂಗಳೂರಿನ ಬಿಇಎಲ್, ಎಚ್‌ಎಎಲ್‌ನಂಥ ಕಡೆ ಒಂದು ವರ್ಷ ಕೆಲಸ ಕಲಿಯಬಹುದು. 2019ರಲ್ಲಿ ನಿಗದಿಯಾದ ಕನಿಷ್ಠ ಭತ್ಯೆ ತಿಂಗಳಿಗೆ 9 ಸಾವಿರ. ಓದಿದ ವಿಷಯದಲ್ಲೇ ಅನುಭವ, ಜೊತೆಗೆ ಒಂದು ವರ್ಷಕ್ಕೆ ತಾನಾಗಿಯೇ ಮುಗಿಯುವ ಗೊತ್ತಾದ ಅವಧಿ. ಏನೂ ಸಿಗದೆ ಮನೆಯಲ್ಲೇ ಇರುವವರಿಗೆ ರಾಜ್ಯದ ಯುವನಿಧಿ ಇದೆ. ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ಎರಡು ವರ್ಷದವರೆಗೆ ತಿಂಗಳಿಗೆ 3 ಸಾವಿರ ರೂಪಾಯಿ, ಡಿಪ್ಲೊಮಾ ಆದವರಿಗೆ ಒಂದೂವರೆ ಸಾವಿರ. ಕೆಲಸ ಸಿಕ್ಕ ಕೂಡಲೇ ನಿಲ್ಲುತ್ತದೆ. ನಮ್ಮ ಲೆಕ್ಕದಲ್ಲಿ ಅದು ತಿಂಗಳ ಬಡ್ಡಿಯ ಐದರಲ್ಲಿ ಮೂರು ಪಾಲು. ಆ ಹಣವನ್ನು ನೇರವಾಗಿ ಸಾಲದ ಖಾತೆಗೆ ಹಾಕಿದವರನ್ನು ನಾನು ನೋಡಿದ್ದು ಇಬ್ಬರೇ.

ಕೊನೆಯ ದಿನ ಹತ್ತಿರ ಬಂದರೂ ಕೆಲಸ ಸಿಗದವರು ಮಾಡಬೇಕಾದ ಒಂದು ಕೆಲಸವಿದೆ. ಬಹಳ ಮಂದಿ ಅದನ್ನು ತಪ್ಪು ಸಮಯದಲ್ಲಿ ಮಾಡುತ್ತಾರೆ. ಮೊದಲ ಕಂತಿನ ದಿನಕ್ಕಿಂತ ಮುಂಚೆ ಶಾಖೆಗೆ ಹೋಗಿ ಲಿಖಿತ ಅರ್ಜಿ ಕೊಡಬೇಕು. ನಿರುದ್ಯೋಗ ಅಥವಾ ಕಡಿಮೆ ಸಂಬಳದ ಅವಧಿಗಳಲ್ಲಿ ಸಾಲದ ಜೀವಿತಾವಧಿಯಲ್ಲಿ ಎರಡು ಮೂರು ಬಾರಿ ಮತ್ತೆ ಮೊರಟೋರಿಯಂ ಕೊಡಲು ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ಅವಕಾಶವಿದೆ. ಮೊದಲು ಸಣ್ಣ ಕಂತು, ವರ್ಷಗಳು ಕಳೆದಂತೆ ದೊಡ್ಡ ಕಂತು ಎಂಬ ಏರುಕಂತಿನ ವ್ಯವಸ್ಥೆಯೂ ಇದೆ. ಎರಡೂ ಬ್ಯಾಂಕಿನ ವಿವೇಚನೆಗೆ ಬಿಟ್ಟದ್ದು, ಕೇಳಿದವರಿಗೆಲ್ಲ ಸಿಗುವುದಿಲ್ಲ. ಕೇಳದವರಿಗಂತೂ ಸಿಗುವುದೇ ಇಲ್ಲ. ಕಂತು ತಪ್ಪಿ 90 ದಿನ ದಾಟಿದರೆ ಖಾತೆ ವಸೂಲಾಗದ ಸಾಲ, ಅಂದರೆ ಎನ್‌ಪಿಎ ಆಗುತ್ತದೆ. ಆ ಮೇಲೆ ಅದೇ ಮ್ಯಾನೇಜರಿಗೆ ಮನಸ್ಸಿದ್ದರೂ ಕೈ ಕಟ್ಟಿರುತ್ತದೆ. ಸಿಬಿಲ್ ದಾಖಲೆಯಲ್ಲಿ ಮಗನ ಹೆಸರಿನ ಜೊತೆ ಸಹ ಸಾಲಗಾರನಾದ ಅಪ್ಪನ ಹೆಸರೂ ಕೆಡುತ್ತದೆ, ಅಪ್ಪ ಬೆಳೆ ಸಾಲ ಕೇಳಲು ಹೋದಾಗ ಅದು ಎದ್ದುನಿಲ್ಲುತ್ತದೆ. ಫೋನ್ ಎತ್ತದೆ ತಲೆತಪ್ಪಿಸಿಕೊಂಡ ಆರು ತಿಂಗಳ ನಂತರ ಬಂದವರಲ್ಲಿ ಹೆಚ್ಚಿನವರು ಕೆಟ್ಟವರಾಗಿರಲಿಲ್ಲ, ನಾಚಿಕೆಪಟ್ಟುಕೊಂಡವರಾಗಿದ್ದರು. ಅಷ್ಟರಲ್ಲಿ ಕೆಲವರು ಹಿಂಬಾಗಿಲಿನಿಂದ ಕೆಲಸ ಕೊಡಿಸುತ್ತೇವೆ ಎಂದವರ ಕೈಗೆ ಲಕ್ಷ, ಎರಡು ಲಕ್ಷ ಕೊಟ್ಟು ಕಳೆದುಕೊಂಡೂ ಇರುತ್ತಿದ್ದರು.

ಈ ಇಡೀ ಲೆಕ್ಕ ಆರು ಲಕ್ಷದ ಸಾಲಕ್ಕೆ. ಸಾಲ 40 ಲಕ್ಷವಾದರೆ ಚಿತ್ರವೇ ತಿರುಗುತ್ತದೆ. ಮನೆ ಅಡವಿಟ್ಟು ಅಮೆರಿಕಕ್ಕೆ ಎಂ.ಎಸ್. ಮಾಡಲು ಹೋದ ಮಕ್ಕಳಿಗೆ ಶೇ 11.5ರ ದರದಲ್ಲಿ ತಿಂಗಳ ಬಡ್ಡಿಯೇ 38 ಸಾವಿರ ದಾಟುತ್ತದೆ. ಕಾಯಲು ಕಾನೂನೂ ಬಿಡುವುದಿಲ್ಲ, ಓದಿನ ನಂತರ ಅಲ್ಲಿ ಕೆಲಸ ಮಾಡಲು ಅನುಮತಿ ಇರುವ ಒಪಿಟಿ ಅವಧಿಯಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಅಲ್ಲಿ ಓದಿಗೆ ಸಂಬಂಧಪಟ್ಟ ಯಾವ ಕೆಲಸ ಸಿಕ್ಕರೂ ಹಿಡಿಯುವುದೇ ಸರಿ. ರೂಪಾಯಿಯಲ್ಲಿ ದುಡಿದು ಆ ಬಡ್ಡಿ ತುಂಬುವುದು ಹೊಸಬರಿಂದ ಆಗದ ಮಾತು. ಅದೇ ರೀತಿ ಶಿಕ್ಷಣ ಸಾಲದ ಜೊತೆಗೆ ಕೈಸಾಲವನ್ನೂ ಮಾಡಿರುವ ಮನೆಯವರು ನನ್ನ ಐದು ಸಾವಿರದ ಲೆಕ್ಕವನ್ನು ನಂಬಬಾರದು. ನೂರಕ್ಕೆ ಮೂರು ರೂಪಾಯಿ ತಿಂಗಳ ಬಡ್ಡಿಯ ಎರಡು ಲಕ್ಷ ಕೈಸಾಲ ಇದ್ದರೆ ಅದೊಂದೇ ತಿಂಗಳಿಗೆ ಆರು ಸಾವಿರ ತಿನ್ನುತ್ತದೆ, ಅದಕ್ಕೆ ಮೊರಟೋರಿಯಮ್ಮೂ ಇಲ್ಲ, ಅರ್ಜಿಯೂ ಇಲ್ಲ. ಅಂಥ ಮನೆಯ ಮಗ ಕಾಯುವಂತಿಲ್ಲ.

ಅರಸೀಕೆರೆಯ ಹುಡುಗ ಹನ್ನೊಂದನೆಯ ತಿಂಗಳಲ್ಲಿ ಒಬ್ಬನೇ ಶಾಖೆಗೆ ಬಂದ. ಕೈಗೆ 26 ಸಾವಿರ ಬರುವ ಕೆಲಸ, ಪೀಣ್ಯದಲ್ಲಿ. ಅವನು ಬಯಸಿದ 28 ಅಲ್ಲ, ತಳಸಂಬಳ 23,200ಕ್ಕಿಂತ ಮೇಲೆ. ತಿಂಗಳು ತಿಂಗಳು ಬಡ್ಡಿ ಕಟ್ಟಿದ್ದರಿಂದ ಬಾಕಿ 8 ಲಕ್ಷ 10 ಸಾವಿರಕ್ಕೆ ಏರಿರಲಿಲ್ಲ, ಕಂತು ಹತ್ತು ಸಾವಿರದ ಆಸುಪಾಸಿಗೆ ನಿಂತಿತು. ಅವನಿಗೆ ಬೇಕಿದ್ದದ್ದು ಒಂದೇ. ಸಂಬಳ ಪ್ರತಿ ತಿಂಗಳು ಏಳನೆಯ ತಾರೀಖಿಗೆ ಬರುತ್ತದಂತೆ, ಕಂತಿನ ದಿನವನ್ನು ಐದರಿಂದ ಹತ್ತಕ್ಕೆ ಬದಲಾಯಿಸಿ ಕೊಡುತ್ತೀರಾ ಸರ್ ಎಂದು ಕೇಳಿದ.